ಉತ್ತರ ಕರ್ನಾಟಕಕ್ಕೆ ‘ಸೊನ್ನೆ’ ಕೊಟ್ಟಿದ್ದು ಸರ್ಕಾರವಾ, ಎಕ್ಸೆಲ್ಲಾ?

ಜಿಲ್ಲಾವಾರು ಅನುದಾನದ ಪಟ್ಟಿ ಡೌನ್‌ಲೋಡ್ ಮಾಡಿ, ಎಕ್ಸೆಲ್‌ನಲ್ಲಿ ಲೆಕ್ಕ ಹಾಕಿ, ನಕ್ಷೆ ಬಿಡಿಸಿ ಸೋಷಿಯಲ್ ಮೀಡಿಯಾಕ್ಕೆ ಹಾಕುವ ಯುವಜನರು ಈಗ ಎಲ್ಲ ಊರಲ್ಲೂ ಇದ್ದಾರೆ. ಒಳ್ಳೆಯದೇ. ಆದರೆ ಕರ್ನಾಟಕದ ಜಿಲ್ಲೆಗಳ ಮಟ್ಟಿಗೆ ಈ ಕೆಲಸದಲ್ಲಿ ಒಂದು ವಿಚಿತ್ರ ಗುಂಡಿ ಇದೆ. ಅದರಲ್ಲಿ ಬೀಳುವುದು ಒಂಬತ್ತೇ ಜಿಲ್ಲೆಗಳು, ಒಂಬತ್ತೂ ಉತ್ತರ ಕರ್ನಾಟಕದವೇ.

ಹೇಗೆ ಅಂತ ನೋಡೋಣ.

01ರಿಂದ 09: ಯಾರ ಸಂಖ್ಯೆ?

2001ರ ಜನಗಣತಿಯಲ್ಲಿ ಕರ್ನಾಟಕದ ಕೋಡ್ 29. ಆಗಿದ್ದ 27 ಜಿಲ್ಲೆಗಳಿಗೆ 01ರಿಂದ 27ರವರೆಗೆ ಎರಡಂಕಿಯ ಕೋಡ್‌ಗಳು. ಎಣಿಕೆ ಶುರುವಾಗುವುದು ವಾಯವ್ಯ ಮೂಲೆಯಿಂದ: ಬೆಳಗಾವಿ 01, ಬಾಗಲಕೋಟೆ 02, ವಿಜಯಪುರ 03, ಕಲಬುರಗಿ 04, ಬೀದರ್ 05, ರಾಯಚೂರು 06, ಕೊಪ್ಪಳ 07, ಗದಗ 08, ಧಾರವಾಡ 09. ಉತ್ತರ ಕನ್ನಡ 10, ಬೆಂಗಳೂರು 20, ಮೈಸೂರು 26, ಚಾಮರಾಜನಗರ 27.

ಊರಿನ ಹೆಸರು ಬಿಟ್ಟು ಕೋಡ್ ಯಾಕೆ ಬೇಕು? ಹೆಸರು ಬದಲಾಗುತ್ತದೆ. 2014ರಲ್ಲಿ ಗುಲ್ಬರ್ಗಾ ಕಲಬುರಗಿಯಾಯಿತು, ಬೆಳಗಾಂ ಬೆಳಗಾವಿಯಾಯಿತು. ಒಂದು ಫೈಲ್‌ನಲ್ಲಿ ಹಳೇ ಹೆಸರು, ಇನ್ನೊಂದರಲ್ಲಿ ಹೊಸದು ಇದ್ದರೆ ಎರಡನ್ನೂ ಹೊಂದಿಸಲು ಕೋಡ್ ಒಂದೇ ದಾರಿ. ಆ ಕೋಡ್ ನೋಡೋಕೆ ಸಂಖ್ಯೆಯ ಹಾಗೆ ಕಾಣುತ್ತದೆ, ಆದರೆ ಅದು ಸಂಖ್ಯೆಯಲ್ಲ. ಬೀದರ್‌ನ 05ಕ್ಕೆ ಧಾರವಾಡದ 09 ಕೂಡಿಸಿದರೆ ಏನೂ ಅರ್ಥ ಬರುವುದಿಲ್ಲ. ಅದು ಅಂಕಿಗಳಲ್ಲಿ ಬರೆದ ಹೆಸರು.

ಎಕ್ಸೆಲ್‌ಗೆ ಇದು ಗೊತ್ತಿಲ್ಲ. ಸಿಎಸ್‌ವಿ ಫೈಲ್ ಅಂದರೆ ಬರೀ ಅಕ್ಷರ ಮತ್ತು ಅಲ್ಪವಿರಾಮ. ಯಾವ ಕಾಲಂ ಸಂಖ್ಯೆ, ಯಾವುದು ಪಠ್ಯ ಅಂತ ಅದರಲ್ಲಿ ಬರೆದಿರುವುದಿಲ್ಲ. ಡಬಲ್ ಕ್ಲಿಕ್ ಮಾಡಿದಾಗ ಎಕ್ಸೆಲ್ ತಾನೇ ಊಹಿಸುತ್ತದೆ, 01 ಅನ್ನು 1 ಮಾಡುತ್ತದೆ. ನೀವು ಸೇವ್ ಒತ್ತಿದ ಕೂಡಲೇ ಆ ಸೊನ್ನೆ ಫೈಲ್‌ನಿಂದಲೇ ಹೋಯಿತು.

ತಪ್ಪು ಕಣ್ಣಿಗೆ ಬೀಳದಿರುವುದು ಯಾಕೆ?

ಒಂದು ಉದಾಹರಣೆ ಇಟ್ಟುಕೊಳ್ಳೋಣ. ಅಂಕಿಗಳು ಕಾಲ್ಪನಿಕ. ಮೊದಲ ಶೀಟ್‌ನ A ಕಾಲಂನಲ್ಲಿ ರಾಜ್ಯದ ಕೋಡ್, Bಯಲ್ಲಿ ಜಿಲ್ಲೆಯ ಕೋಡ್ (ಸೊನ್ನೆ ಹೋದದ್ದು), Cಯಲ್ಲಿ ಜಿಲ್ಲೆಯ ಹೆಸರು. `Anudana` ಎಂಬ ಎರಡನೇ ಶೀಟ್‌ನಲ್ಲಿ 2901, 2902 ಹೀಗೆ ನಾಲ್ಕಂಕಿಯ ಕೋಡ್ ಪಠ್ಯವಾಗಿಯೇ ಇದೆ, ಪಕ್ಕದಲ್ಲಿ ಅನುದಾನ. ಪ್ರತಿ ಜಿಲ್ಲೆಗೂ 90 ಕೋಟಿ ಅಂತಿಟ್ಟುಕೊಳ್ಳಿ. ಎರಡನ್ನೂ ಹೊಂದಿಸಲು ಸಾಮಾನ್ಯವಾಗಿ D ಮತ್ತು E ಕಾಲಂಗಳಲ್ಲಿ ಬರೆಯುವುದು ಇದನ್ನು:

```
=A2&B2
=IFERROR(VLOOKUP(D2,Anudana!A:B,2,FALSE),0)
```

ಚಾಮರಾಜನಗರಕ್ಕೆ 29 ಮತ್ತು 27 ಸೇರಿ 2727 ಆಗದೆ ಸರಿಯಾಗಿ 2927 ಬರುತ್ತದೆ, ಹೊಂದುತ್ತದೆ. ಬೆಳಗಾವಿಗೆ 29 ಮತ್ತು 1 ಸೇರಿ 291. ಆದರೆ ಇನ್ನೊಂದು ಶೀಟ್‌ನಲ್ಲಿರುವುದು 2901. ಹೊಂದಲಿಲ್ಲ. ಎಕ್ಸೆಲ್ ಇಲ್ಲಿ `#N/A` ಅಂತ ಕಿರುಚಬೇಕಿತ್ತು, ಆದರೆ `IFERROR` ಅದರ ಬಾಯಿ ಮುಚ್ಚಿಸಿ 0 ಬರೆಯಿತು.

18 ಜಿಲ್ಲೆಗಳಿಗೆ 90 ಕೋಟಿ, ಒಂಬತ್ತಕ್ಕೆ ಸೊನ್ನೆ. ರಾಜ್ಯದ ಸರಾಸರಿ 90ರಿಂದ 60ಕ್ಕೆ ಇಳಿಯಿತು. ನಕ್ಷೆಯಲ್ಲಿ ಉತ್ತರದ ಒಂಬತ್ತು ಜಿಲ್ಲೆ ಖಾಲಿ.

ಎಲ್ಲಾ 27 ಜಿಲ್ಲೆಗೂ ಸೊನ್ನೆ ಬಂದಿದ್ದರೆ ಯಾರಾದರೂ ‘ಏನೋ ಎಡವಟ್ಟಾಗಿದೆ’ ಅಂತಿದ್ದರು. ಇಲ್ಲಿ ಬಂದಿರುವ ಉತ್ತರ ನಂಬುವಂತಿದೆ. 2002ರ ನಂಜುಂಡಪ್ಪ ಸಮಿತಿ ವರದಿಯಿಂದ 371ಜೆ ತನಕ ಪ್ರಾದೇಶಿಕ ಅಸಮತೋಲನ ನಾವೆಲ್ಲ ಬಲ್ಲ ನಿಜ. ಹಾಗಾಗಿ ಈ ನಕ್ಷೆ ಕಂಡಾಗ ‘ನೋಡಿ, ಮತ್ತೆ ಅದೇ ಅನ್ಯಾಯ’ ಅನ್ನಿಸುತ್ತದೆಯೇ ಹೊರತು ಫಾರ್ಮುಲಾ ಮೇಲೆ ಅನುಮಾನ ಬರುವುದಿಲ್ಲ. ಮಾರನೇ ದಿನ ಯಾರೋ ಮೂಲ ಫೈಲ್ ತೆಗೆದು ತೋರಿಸಿದರೆ, ನಿಜವಾದ ಅಸಮಾನತೆಯ ಮಾತೂ ಅದರ ಜೊತೆಗೇ ಹಗುರವಾಗುತ್ತದೆ.

ಸರಿಪಡಿಸುವುದು ಹೀಗೆ

ಹೆಚ್ಚಿನವರು ಮೊದಲು ಮಾಡುವುದು ಸೆಲ್ ಫಾರ್ಮ್ಯಾಟ್‌ಗೆ ಹೋಗಿ `00` ಅಂತ ಕೊಡುವುದು. ಆಗ ಪರದೆ ಮೇಲೆ 01 ಕಾಣುತ್ತದೆ, ಸಮಾಧಾನವಾಗುತ್ತದೆ. ಆದರೆ ಸೆಲ್ ಒಳಗೆ ಇರುವುದು ಇನ್ನೂ 1. `=A2&B2` ಈಗಲೂ 291 ಅನ್ನೇ ಕೊಡುತ್ತದೆ. ಬದಲಾಗಬೇಕಿರುವುದು ಒಳಗಿನ ಮೌಲ್ಯ. ಅದಕ್ಕೆ D ಕಾಲಂನಲ್ಲಿ ಇದನ್ನು ಹಾಕಿ:

```
=TEXT(A2,"00")&TEXT(B2,"00")
```

ಪ್ರತಿ ಭಾಗವನ್ನೂ ಎರಡಂಕಿಗೆ ತುಂಬಿಸಿ, ಆಮೇಲೆ ಜೋಡಿಸುವುದು. ಈ ಕ್ರಮ ಮುಖ್ಯ. ಯಾಕೆಂದರೆ ಸೊನ್ನೆ ಇಲ್ಲದೆ ಜೋಡಿಸಿಟ್ಟ ಕೋಡನ್ನು ಆಮೇಲೆ ಬಿಡಿಸಲು ಆಗದಿರಬಹುದು. ನಿಮ್ಮ ಕೈಗೆ 112 ಅಂತ ಬಂತು ಅಂದುಕೊಳ್ಳಿ. ಅದು 01 ಮತ್ತು 12 ಇರಬಹುದು, ಅಂದರೆ ಜಮ್ಮು-ಕಾಶ್ಮೀರದ ಒಂದು ಜಿಲ್ಲೆ. 11 ಮತ್ತು 02 ಕೂಡ ಇರಬಹುದು, ಅಂದರೆ ಸಿಕ್ಕಿಂನ ಒಂದು ಜಿಲ್ಲೆ. ಮುಂದೆ ಒಂದು ಸೊನ್ನೆ ಹಾಕಿ 0112 ಮಾಡಿದರೆ ಸಿಕ್ಕಿಂನ ಲೆಕ್ಕ ಕಾಶ್ಮೀರಕ್ಕೆ ಹೋಗಿರುತ್ತದೆ. ಇಂಥಲ್ಲಿ ಮೂಲ ಫೈಲ್‌ಗೆ ವಾಪಸ್ ಹೋಗಬೇಕು, ಇಲ್ಲವೇ ಪಕ್ಕದಲ್ಲಿರುವ ಹೆಸರು ನೋಡಿ ತೀರ್ಮಾನಿಸಬೇಕು.

ಎಷ್ಟಂಕಿಗೆ ತುಂಬಿಸಬೇಕು ಅನ್ನೋದೂ ಊಹೆಯ ವಿಷಯವಲ್ಲ. 2011ರ ಜನಗಣತಿಯಲ್ಲಿ ಜಿಲ್ಲಾ ಕೋಡ್‌ಗಳು ಇಡೀ ದೇಶಕ್ಕೆ ಸೇರಿ 001ರಿಂದ 640ರವರೆಗೆ, ಮೂರಂಕಿ. ಅದರಲ್ಲಿ ಕರ್ನಾಟಕದ್ದು 555ರಿಂದ 584. 2001ರ ಪಟ್ಟಿಯ ಬೀದರ್‌ನ 5 ಅನ್ನು 2011ರ ಅಳತೆಯಲ್ಲಿ 005 ಮಾಡಿದರೆ, ಬೀದರ್ ಹೋಗಿ ಜಮ್ಮು-ಕಾಶ್ಮೀರದ ಜಿಲ್ಲೆಯಾಗುತ್ತದೆ. ಫೈಲ್ ಯಾವ ವರ್ಷದ ಪಟ್ಟಿ ಬಳಸಿದೆ ಅಂತ ಮೊದಲು ತಿಳಿದುಕೊಳ್ಳಿ.

ಸರಿಯಾಯ್ತಾ? ಪರೀಕ್ಷಿಸಿ

27 ಸಾಲಿನಲ್ಲಿ ನಾಲ್ಕಂಕಿ ಇಲ್ಲದ ಕೋಡ್ ಎಷ್ಟಿವೆ ಅಂತ ಎಣಿಸಲು ಇದು ಸಾಕು:

```
=SUMPRODUCT(--(LEN(D2:D28)<>4))
```

ಸರಿಪಡಿಸುವ ಮೊದಲು 9 ಬರುತ್ತದೆ, ಆಮೇಲೆ 0 ಬರಬೇಕು. ಈ ಎಣಿಕೆಗೆ `COUNTIF` ನಂಬಬೇಡಿ. ಅದು ಪಠ್ಯವಾದ "01" ಮತ್ತು ಸಂಖ್ಯೆಯಾದ 1 ಎರಡನ್ನೂ ಒಂದೇ ಅಂತ ಎಣಿಸುತ್ತದೆ, ಇಲ್ಲದ ಹೊಂದಾಣಿಕೆ ಇದೆ ಅನ್ನುತ್ತದೆ. ನಂತರ `IFERROR` ತೆಗೆದು ಒಮ್ಮೆ ನೋಡಿ. ಎಲ್ಲೆಲ್ಲಿ `#N/A` ಬರುತ್ತದೋ ಅದು ‘ಅನುದಾನ ಇಲ್ಲ’ ಅಲ್ಲ, ‘ಸಾಲು ಸಿಗಲಿಲ್ಲ’. ಕೊನೆಗೆ ಉದ್ದ ಸರಿಯಿದ್ದರೂ ಕೋಡ್ ತಪ್ಪಿರಬಹುದು, ಹಾಗಾಗಿ ಎರಡೂ ಶೀಟ್‌ನ ಜಿಲ್ಲೆಯ ಹೆಸರುಗಳನ್ನು ಅಕ್ಕಪಕ್ಕ ಇಟ್ಟು ಓದಿ. 27 ಸಾಲು ಓದೋಕೆ ಎರಡು ನಿಮಿಷ.

ಮುಂದೆ ಹೀಗಾಗದಿರಲು ಸಿಎಸ್‌ವಿ ಫೈಲನ್ನು ಡಬಲ್ ಕ್ಲಿಕ್ ಮಾಡಿ ತೆರೆಯಬೇಡಿ. ಖಾಲಿ ಶೀಟ್ ತೆರೆದು `Data` ಮೆನುವಿನ `From Text/CSV` ಮೂಲಕ ತನ್ನಿ, `Transform Data` ಒತ್ತಿ ಕೋಡ್ ಕಾಲಂನ ವಿಧವನ್ನು `Text` ಮಾಡಿ. ಕೆಲಸ ಮುಗಿದ ಮೇಲೆ `.xlsx` ಆಗಿಯೇ ಉಳಿಸಿ.

ಇನ್ನು ನೀವು ನಕ್ಷೆ ಮಾಡುವವರಲ್ಲ, ಹಂಚುವವರು ಅಂತಾದರೂ ಒಂದು ಪ್ರಶ್ನೆ ಕೇಳಬಹುದು: ಈ ಸೊನ್ನೆ ಮೂಲ ದಾಖಲೆಯಲ್ಲಿ ಬರೆದಿದೆಯಾ, ಅಥವಾ ಸಾಲು ಹೊಂದದೆ ಬಂದಿದ್ದಾ? ಬೆಳಗಾವಿಯಿಂದ ಧಾರವಾಡದ ತನಕ ಒಂಬತ್ತೂ ಜಿಲ್ಲೆ ಒಟ್ಟಿಗೆ ಖಾಲಿ ಇದ್ದು, ಹತ್ತನೆಯ ಉತ್ತರ ಕನ್ನಡದಿಂದ ಎಲ್ಲವೂ ತುಂಬಿದ್ದರೆ, ಉತ್ತರ ಬಹುತೇಕ ಫಾರ್ಮುಲಾದಲ್ಲೇ ಇರುತ್ತದೆ.