‘ಕಾಲು ಚಾಚು’ ಮತ್ತು ‘ಕಾಲು ಚಾಚಿದ್ದೆ’

ಈ ವಾರದ ಮಾತಿನ ಬರಹರೂಪ ಇದು. ಓದೋಕೆ ಸುಲಭ ಆಗಲಿ ಅಂತ ಅಲ್ಲಲ್ಲಿ ತಿದ್ದಿದ್ದೇನೆ.

ಹಾಸನದಲ್ಲಿರೋ ನನ್ನ ತಮ್ಮ ಹೋದ ವರ್ಷ ಸಾಲ ಮಾಡಿ ಹೊಸ ಕಾರು ತಗೊಳ್ಳೋಕೆ ಹೊರಟಿದ್ದ. ನಾನು ಇಲ್ಲಿ ಚೆನ್ನೈನ ಅಡ್ಯಾರ್‌ನಲ್ಲಿ ಕೂತು ವಾಟ್ಸಾಪ್‌ನಲ್ಲಿ ಒಂದೇ ಸಾಲು ಕಳಿಸಿದೆ: "ಹಾಸಿಗೆ ಇದ್ದಷ್ಟು ಕಾಲು ಚಾಚು." ಓದಿದ. ಉತ್ತರ ಬರಲಿಲ್ಲ.

ಗಾದೆ ತಪ್ಪಲ್ಲ. ತೊಡಕು ಇದ್ದದ್ದು ‘ಚಾಚು’ ಅನ್ನೋ ಕ್ರಿಯಾಪದದಲ್ಲಿ. ಕನ್ನಡದಲ್ಲಿ ಧಾತುವನ್ನು ಹಾಗೇ ಬಿಟ್ಟರೆ ಅದೇ ಏಕವಚನದ ಆಜ್ಞೆ: ಮಾಡು, ನೋಡು, ಚಾಚು. ‘ನೀನು’ ಅಂತ ಬರೆಯದಿದ್ದರೂ ಓದುವವನು ‘ನೀನು’ ಆಗಿಬಿಡ್ತಾನೆ, ಹೇಳುವವನು ಒಂದು ಮೆಟ್ಟಿಲು ಮೇಲೆ ಕೂತುಬಿಡ್ತಾನೆ. ‘ಚಾಚಿ’ ಅಂದರೆ ಮರ್ಯಾದೆ ಬರುತ್ತೆ, ಆದರೆ ಆಜ್ಞೆ ಹೋಗಲ್ಲ. ಮಾತಿನ ಅರ್ಥಕ್ಕಿಂತ ಮೊದಲು "ಹೇಳೋಕೆ ನೀನ್ಯಾರು?" ಅನ್ನೋ ಪ್ರಶ್ನೆ ಏಳುತ್ತೆ.

ಹಾಗಾದರೆ ‘ನಾನು’ ಸೇರಿಸಿದರೆ ಸಾಕಾ? "ನಾನು ಹಾಸಿಗೆ ಇದ್ದಷ್ಟೇ ಕಾಲು ಚಾಚ್ತೀನಿ." ಆಜ್ಞೆ ಹೋಯ್ತು, ಜಂಬ ಬಂತು. ಬಸವಣ್ಣನವರ ಪ್ರಸಿದ್ಧ ವಚನವೊಂದರಲ್ಲಿ ಕಳ್ಳತನದಿಂದ ಶುರುವಾಗಿ ಏಳು ನಿಷೇಧಗಳಿವೆ. ತನ್ನನ್ನು ತಾನು ಹೊಗಳಿಕೊಳ್ಳಬಾರದು ಅನ್ನೋದು ಅದರಲ್ಲೊಂದು. ಅದನ್ನು "ನಾನು ನನ್ನನ್ನು ಹೊಗಳಿಕೊಳ್ಳಲ್ಲ" ಅಂತ ತಿರುಗಿಸಿ ನೋಡಿ. ಹೇಳಿದ ಕ್ಷಣವೇ ಅದು ಹೊಗಳಿಕೆ! ಬೇರೆ ವಚನಗಳಲ್ಲಿ ಅದೇ ಬಸವಣ್ಣ ‘ನಾನು’ ಅಂದಾಗ ತನ್ನ ಬಡತನ, ತನ್ನ ಕಿರಿತನ ಹೇಳ್ತಾರೆ. ಅದಕ್ಕೇ ನಾವು ಹತ್ತಿರ ಹೋಗಿ ಕೇಳ್ತೀವಿ.

ಇಲ್ಲಿ ಕಾಲವೂ ಮುಖ್ಯ. ‘ಚಾಚ್ತೀನಿ’ ಅನ್ನೋದು ಅಭ್ಯಾಸವೂ ಹೌದು, ಭವಿಷ್ಯವೂ ಹೌದು. ಪರೀಕ್ಷಿಸೋಕೆ ಏನೂ ಇಲ್ಲ. ‘ಚಾಚಿದ್ದೆ’ ಅಂದರೆ ಒಂದು ಸಲ ನಡೆದದ್ದು. ಯಾವಾಗ, ಎಷ್ಟು, ಏನಾಯ್ತು ಅಂತ ಹೇಳಲೇಬೇಕಾಗುತ್ತೆ.

ಎರಡು ವಾರದ ಮೇಲೆ ಮತ್ತೆ ಬರೆದೆ: "ಮೊದಲ ಕೆಲಸದಲ್ಲಿ ನಾನೂ ಹಾಸಿಗೆ ನೋಡದೆ ಕಾಲು ಚಾಚಿದ್ದೆ ಕಣೋ. ಸಂಬಳ 42,000, ಕಂತು 19,000. ಅಪ್ಪನ ಆಪರೇಷನ್‌ಗೆ ನಾನು ಒಂದು ರೂಪಾಯಿ ಕೊಡಲಿಲ್ಲ. ಕೊಡೋಕೆ ಇರಲಿಲ್ಲ."

ಅದನ್ನು ಮನೆಯಲ್ಲಿ ಯಾರಿಗೂ ಹೇಳಿರಲಿಲ್ಲ. ರಾತ್ರಿಯೇ ಫೋನ್ ಬಂತು. "ಯಾಕಣ್ಣ ಇಷ್ಟು ದಿನ ಹೇಳಲಿಲ್ಲ?" ಅಂದ. ಕಾರಿನ ಮಾತು ಆಮೇಲೆ ಬಂತು, ಅದೂ ಅವನೇ ಎತ್ತಿದ್ದು.

ಇದಕ್ಕೊಂದು ಮಿತಿ ಇದೆ. ಗಾದೆ ಎಲ್ಲರಿಗೂ ಹೊಂದುತ್ತೆ. ನನ್ನ ಕಥೆ ತನಗೂ ಹೊಂದುತ್ತಾ ಅಂತ ಓದುವವನೇ ನಿರ್ಧರಿಸಬೇಕು. ಹಾಗಾಗಿ ಕರೆಂಟ್ ತಂತಿ ಹತ್ತಿರ ನಿಂತವನಿಗೆ ಅನುಭವ ಹೇಳ್ತಾ ಕೂರಬೇಡಿ, "ಮುಟ್ಟಬೇಡ" ಅನ್ನಿ. ಅಲ್ಲಿ ಯೋಚಿಸೋಕೆ ಸಮಯವಿಲ್ಲ. ತಮ್ಮನಿಗೆ ಇತ್ತು. ಕೊನೆಗೆ ಅವನು ತಗೊಂಡದ್ದು ಸೆಕೆಂಡ್ ಹ್ಯಾಂಡ್ ಕಾರು.