ಅಂಗಡಿಗೆ ಕೊಟ್ಟ ಫೋನ್ ನಂಬರು

ಒಬ್ಬರು ತಮ್ಮ ಒಡವೆಯನ್ನು ಪೆಟ್ಟಿಗೆಯಲ್ಲಿಟ್ಟು ನೆರೆಮನೆಯವರ ವಶಕ್ಕೆ ಕೊಟ್ಟು ಊರಿಗೆ ಹೋದರೆನ್ನೋಣ. ನೆರೆಮನೆಯವರು ಅದನ್ನು ಕಾಪಾಡಬೇಕು. ತಾವು ತೊಡುವಂತಿಲ್ಲ, ಬೇರೆಯವರಿಗೆ ಕೊಡುವಂತಿಲ್ಲ. ಕಳವಾದರೆ ಕೂಡಲೇ ಹೇಳಿಕಳಿಸಬೇಕು. ಇದು ನಮ್ಮೆಲ್ಲರಿಗೂ ಗೊತ್ತಿರುವ ನ್ಯಾಯ. ಕಂಪೆನಿಯೊಂದರ ಕೈಗೆ ನಾವು ಕೊಡುವ ಹೆಸರು, ಫೋನ್ ನಂಬರು, ವಿಳಾಸಗಳ ವಿಷಯದಲ್ಲೂ ಸುಮಾರು ಇದೇ ನ್ಯಾಯವನ್ನು ಭಾರತದ ಸಂಸತ್ತು 2023ರಲ್ಲಿ ಕಾನೂನು ಮಾಡಿತು. ಅದರ ಹೆಸರು ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯಿದೆ. ಇದರ ನಿಯಮಗಳು 2025ರ ನವೆಂಬರಿನಲ್ಲಿ ಪ್ರಕಟವಾದವು. ಕಂಪೆನಿಗಳ ಮುಖ್ಯ ಕರ್ತವ್ಯಗಳಿಗೆ ಆಗಿನಿಂದ 18 ತಿಂಗಳ ಅವಧಿಯನ್ನು ಕೊಡಲಾಯಿತು. ಅಂದರೆ 2027ರ ಮೇ ತಿಂಗಳಿನಿಂದ ಅವು ಜಾರಿಗೆ ಬರಬೇಕೆಂದು ಗೊತ್ತುಪಡಿಸಲಾಗಿದೆ.

ಈ ಕಾನೂನು ಕೆಲಸ ಮಾಡುವ ರೀತಿಯನ್ನು ಒಂದು ಕಲ್ಪಿತ ಉದಾಹರಣೆಯಿಂದ ನೋಡೋಣ. ಗಡಿಯ ಪೇಟೆಯೊಂದರಲ್ಲಿ ದೊಡ್ಡ ಜವಳಿ ಅಂಗಡಿ ಇದೆ. ಗೃಹಿಣಿಯೊಬ್ಬರು ಅಲ್ಲಿ ಸೀರೆ ಕೊಂಡರು. “ಬಿಲ್ಲನ್ನು ಫೋನಿಗೆ ಕಳಿಸುತ್ತೇವೆ, ನಂಬರು ಹೇಳಿ ಅಮ್ಮಾ” ಎಂದ ಗುಮಾಸ್ತ. ಅವರು ಹೇಳಿದರು. ಅವನು ಅದನ್ನು ಕಂಪ್ಯೂಟರಿನಲ್ಲಿ ಬರೆದುಕೊಂಡ. ಬರಿಯ ಕಾಗದದ ಪುಸ್ತಕದಲ್ಲೇ ಉಳಿದಿದ್ದರೆ ಈ ಕಾಯಿದೆ ಅನ್ವಯಿಸುತ್ತಿರಲಿಲ್ಲ. ಕಂಪ್ಯೂಟರಿಗೆ ಏರಿದ ಕ್ಷಣದಿಂದ ಅನ್ವಯಿಸುತ್ತದೆ.

ಬಿಲ್ಲಿಗಾಗಿ ತಾನಾಗಿಯೇ ಕೊಟ್ಟ ನಂಬರಿಗೆ ಬಿಲ್ಲು ಕಳಿಸಲು ಬೇರೆ ಸಮ್ಮತಿಪತ್ರ ಬೇಕಿಲ್ಲ. ಆದರೆ ಆ ಅನುಮತಿ ಬಿಲ್ಲಿಗೆ ಮಾತ್ರ. ಅದೇ ನಂಬರಿಗೆ ಹಬ್ಬದ ರಿಯಾಯಿತಿಯ ಜಾಹೀರಾತು ಕಳಿಸಬೇಕಾದರೆ ಅಂಗಡಿಯು ಬೇರೆಯಾಗಿ ಸಮ್ಮತಿ ಪಡೆಯಬೇಕು. ಸಮ್ಮತಿ ಕೇಳುವ ಮೊದಲು ಯಾವ ಮಾಹಿತಿ, ಯಾವ ಉದ್ದೇಶಕ್ಕೆ ಎಂಬುದನ್ನು ಸರಳವಾದ ಮಾತಿನಲ್ಲಿ ತಿಳಿಸುವ ಸೂಚನೆ ಕೊಡಬೇಕು. ಗ್ರಾಹಕರು ಯಾರ ಒತ್ತಾಯವೂ ಇಲ್ಲದೆ, ತಿಳಿದು, ಸ್ಪಷ್ಟವಾದ ಒಂದು ಕ್ರಿಯೆಯಿಂದ ಒಪ್ಪಬೇಕು. ಮೌನವು ಸಮ್ಮತಿಯಲ್ಲ, ಮೊದಲೇ ಗುರುತು ಹಾಕಿಟ್ಟ ಚೌಕವೂ ಸಮ್ಮತಿಯಲ್ಲ. ಮುಂದೆ ತಕರಾರು ಬಂದರೆ “ಸೂಚನೆ ಕೊಟ್ಟಿದ್ದೇವೆ, ಇವರು ಒಪ್ಪಿದ್ದಾರೆ” ಎಂದು ರುಜುವಾತುಪಡಿಸುವ ಭಾರ ಅಂಗಡಿಯದು, ಗ್ರಾಹಕರದಲ್ಲ.

ನಮ್ಮಂಥ ಗಡಿನಾಡಿನವರು ಇಲ್ಲೊಂದು ವಿಷಯವನ್ನು ನೆನಪಿಡಬೇಕು. ಈ ಸೂಚನೆಯನ್ನು ಇಂಗ್ಲಿಷಿನಲ್ಲಾಗಲಿ ಸಂವಿಧಾನದ 8ನೆಯ ಅನುಸೂಚಿಯ 22 ಭಾಷೆಗಳಲ್ಲಿ ಯಾವುದಾದರೊಂದರಲ್ಲಾಗಲಿ ಓದುವ ಆಯ್ಕೆಯನ್ನು ಕಂಪೆನಿ ಕೊಡಬೇಕು. ಕನ್ನಡ ಆ 22ರಲ್ಲಿ ಒಂದು. ವಾಸಿಸುವ ರಾಜ್ಯ ಯಾವುದೆಂಬುದು ಇಲ್ಲಿ ಮುಖ್ಯವಲ್ಲ. ಕೇರಳದಲ್ಲಿರುವ ಕನ್ನಡಿಗನಿಗೂ ಮಹಾರಾಷ್ಟ್ರದಲ್ಲಿರುವ ಕನ್ನಡಿಗನಿಗೂ ಈ ಹಕ್ಕು ಒಂದೇ.

ನಮ್ಮ ಗೃಹಿಣಿ ಜಾಹೀರಾತಿಗೂ ಒಪ್ಪಿದರೆನ್ನೋಣ. ಆರು ತಿಂಗಳ ನಂತರ ಬೇಸರವಾದರೆ ಸಮ್ಮತಿಯನ್ನು ಹಿಂತೆಗೆದುಕೊಳ್ಳಬಹುದು. ಒಪ್ಪುವುದು ಎಷ್ಟು ಸುಲಭವಾಗಿತ್ತೋ ಹಿಂತೆಗೆದುಕೊಳ್ಳುವುದೂ ಅಷ್ಟೇ ಸುಲಭವಾಗಿರಬೇಕು. ಒಂದು ಗುಂಡಿ ಒತ್ತಿ ಒಪ್ಪಿದವರಿಗೆ “ಪ್ರಧಾನ ಕಚೇರಿಗೆ ಪತ್ರ ಬರೆಯಿರಿ” ಎಂದು ಹೇಳುವುದು ನ್ಯಾಯವಲ್ಲ. ಆಗ ಅಂಗಡಿಯು ಜಾಹೀರಾತನ್ನು ನಿಲ್ಲಿಸಬೇಕು. ಕಾನೂನು ಇಟ್ಟುಕೊಳ್ಳಲೇಬೇಕೆಂದು ಹೇಳಿದ ಭಾಗವನ್ನುಳಿದು ಮಿಕ್ಕ ಮಾಹಿತಿಯನ್ನು ಅಳಿಸಬೇಕು.

ಈಗ ಕಷ್ಟದ ಪ್ರಸಂಗಕ್ಕೆ ಬರೋಣ. ಅಂಗಡಿಯು ಸಂದೇಶ ಕಳಿಸುವ ಕೆಲಸವನ್ನು ಬೇರೊಂದು ಕಂಪೆನಿಗೆ ಗುತ್ತಿಗೆ ಕೊಟ್ಟಿತ್ತು. ಆ ಕಂಪೆನಿಯ ನೌಕರನೊಬ್ಬ ಗ್ರಾಹಕರ ಪಟ್ಟಿಯನ್ನು ನಕಲು ಮಾಡಿ ಮಾರಿದ. ಶನಿವಾರ ಬೆಳಿಗ್ಗೆ 10 ಗಂಟೆಗೆ ಇದು ಅಂಗಡಿಯವರಿಗೆ ತಿಳಿಯಿತು. “ತಪ್ಪು ಗುತ್ತಿಗೆದಾರನದು” ಎಂದು ಅಂಗಡಿಯು ಕೈತೊಳೆದುಕೊಳ್ಳಬಹುದೇ? ಕೂಡದು. ಒಪ್ಪಂದದಲ್ಲಿ ಏನೇ ಬರೆದಿರಲಿ, ಗ್ರಾಹಕರಿಗೆ ಉತ್ತರ ಹೇಳಬೇಕಾದವರು ಅಂಗಡಿಯವರೇ.

ಅವರು ಮಾಡಬೇಕಾದ ಕೆಲಸ ಎರಡು. ಮೊದಲನೆಯದಾಗಿ, ಮಾಹಿತಿ ಸೋರಿದ ಪ್ರತಿಯೊಬ್ಬ ಗ್ರಾಹಕರಿಗೂ ತಡಮಾಡದೆ ತಿಳಿಸಬೇಕು: ಏನು ಸೋರಿತು, ಯಾವಾಗ, ಅದರಿಂದ ಯಾವ ತೊಂದರೆ ಬರಬಹುದು, ಅಂಗಡಿಯು ಏನು ಮಾಡುತ್ತಿದೆ, ಗ್ರಾಹಕರು ಯಾವ ಎಚ್ಚರಿಕೆ ವಹಿಸಬೇಕು, ಯಾರನ್ನು ವಿಚಾರಿಸಬೇಕು. ಎರಡನೆಯದಾಗಿ, ಭಾರತದ ದತ್ತಾಂಶ ಸಂರಕ್ಷಣಾ ಮಂಡಳಿಗೆ ತಡಮಾಡದೆ ಸುದ್ದಿ ಮುಟ್ಟಿಸಿ, 72 ಗಂಟೆಗಳೊಳಗೆ ಕಾರಣ ಮತ್ತು ಪರಿಹಾರಕ್ರಮಗಳ ಪೂರ್ಣ ವರದಿ ಕೊಡಬೇಕು. ಗಡಿಯಾರವು ವಿಷಯ ತಿಳಿದ ಗಳಿಗೆಯಿಂದಲೇ ಓಡತೊಡಗುತ್ತದೆ, ಭಾನುವಾರವೆಂದು ನಿಲ್ಲುವುದಿಲ್ಲ. ಆದುದರಿಂದ ನಮ್ಮ ಅಂಗಡಿಯವರಿಗೆ ಮಂಗಳವಾರ ಬೆಳಿಗ್ಗೆ 10 ಗಂಟೆಯೇ ಗಡುವು. ಹೆಚ್ಚು ಸಮಯ ಬೇಕಾದರೆ ಮಂಡಳಿಯನ್ನು ಬರವಣಿಗೆಯಲ್ಲಿ ಕೇಳಬೇಕು. ಯೂರೋಪಿನ ಕಾನೂನಿನಲ್ಲಿ ಜನರಿಗೆ ಹೆಚ್ಚಿನ ಅಪಾಯವಿದ್ದಾಗ ಮಾತ್ರ ಅವರಿಗೆ ತಿಳಿಸಿದರೆ ಸಾಕು; ನಮ್ಮಲ್ಲಿ “ಸಣ್ಣ ಸೋರಿಕೆ” ಎಂಬ ವಿನಾಯಿತಿ ಇಲ್ಲ.

ಮುಚ್ಚಿಡುವ ಆಸೆ ಕಂಪೆನಿಗಳಿಗೆ ಏಕೆ ಬರುತ್ತದೆ, ಅದರ ಫಲವೇನು ಎಂಬುದಕ್ಕೆ ಅಮೆರಿಕದ ನಿಜ ಪ್ರಸಂಗವೊಂದಿದೆ. 2016ರಲ್ಲಿ ಬಾಡಿಗೆ ಕಾರಿನ ಕಂಪೆನಿಯಾದ ಊಬರಿನಿಂದ ಸುಮಾರು 5.7 ಕೋಟಿ ಪ್ರಯಾಣಿಕರ ಮತ್ತು ಚಾಲಕರ ಮಾಹಿತಿ ಕಳುವಾಯಿತು. ಹೆಸರು ಕೆಡುವುದೆಂಬ ಭಯದಿಂದ ಕಂಪೆನಿಯು ಕದ್ದವರಿಗೇ 1 ಲಕ್ಷ ಡಾಲರು ಕೊಟ್ಟು, ಬಾಯಿ ಬಿಡುವುದಿಲ್ಲವೆಂದು ಸಹಿ ಹಾಕಿಸಿಕೊಂಡಿತು. 2017ರ ನವೆಂಬರಿನಲ್ಲಿ, ಮುಖ್ಯಾಧಿಕಾರಿ ಬದಲಾದ ಮೇಲೆ, ವಿಷಯ ಹೊರಬಿತ್ತು. 2018ರಲ್ಲಿ ಕಂಪೆನಿಯು ಅಲ್ಲಿನ ರಾಜ್ಯಗಳಿಗೆ 14.8 ಕೋಟಿ ಡಾಲರು ಕೊಡಲು ಒಪ್ಪಬೇಕಾಯಿತು. ಅದರ ಭದ್ರತಾ ಮುಖ್ಯಸ್ಥನಾಗಿದ್ದ ಜೋಸೆಫ್ ಸಲಿವನ್ ಅಪರಾಧಿಯೆಂದು 2022ರಲ್ಲಿ ತೀರ್ಮಾನವಾಯಿತು. ಅವರ ಮೇಲಿದ್ದ ಆರೋಪ ಕಳ್ಳತನವನ್ನು ತಡೆಯಲಿಲ್ಲವೆಂದಲ್ಲ. ಸರಕಾರದ ತನಿಖೆಗೆ ಮರೆಮಾಡಿದರೆಂಬುದು.

ನಮ್ಮ ಕಾಯಿದೆಯಲ್ಲಿಯೂ ಈ ಎರಡು ತಪ್ಪುಗಳು ಬೇರೆಬೇರೆ. ತಕ್ಕ ಭದ್ರತೆ ಇಡದಿದ್ದರೆ 250 ಕೋಟಿ ರೂಪಾಯಿಯವರೆಗೆ, ಸೋರಿಕೆಯನ್ನು ತಿಳಿಸದಿದ್ದರೆ 200 ಕೋಟಿ ರೂಪಾಯಿಯವರೆಗೆ ದಂಡ ವಿಧಿಸಬಹುದು. ಆದರೆ ಇದರ ಒಂದು ಕೊರತೆಯನ್ನೂ ತಿಳಿದಿರಬೇಕು. ಈ ದಂಡದ ಹಣ ಭಾರತ ಸರಕಾರದ ಬೊಕ್ಕಸಕ್ಕೆ ಸೇರುತ್ತದೆ. ಸೋರಿಕೆಯಿಂದ ಮೋಸಹೋಗಿ 20 ಸಾವಿರ ಕಳೆದುಕೊಂಡ ಗೃಹಿಣಿಗೆ ಅದರಲ್ಲಿ ಒಂದು ಕಾಸೂ ಬಾರದು. ಹಿಂದೆ ಮಾಹಿತಿ ತಂತ್ರಜ್ಞಾನ ಕಾಯಿದೆಯಲ್ಲಿ ಇಂಥವರಿಗೆ ಪರಿಹಾರ ಕೊಡಿಸುವ ಒಂದು ಕಲಮು, ಅಂದರೆ 43-ಎ, ಇತ್ತು. ಹೊಸ ಕಾಯಿದೆಯು ಅದನ್ನು ತೆಗೆದುಹಾಕುತ್ತದೆ.

ಹಾಗಾದರೆ ಆಕೆ ಮಾಡಬಹುದಾದುದೇನು? ಮೊದಲು ಅಂಗಡಿಯ ದೂರು ವಿಭಾಗಕ್ಕೆ ಬರೆಯಬೇಕು. ಅಂಗಡಿಗೆ ಹೇಳದೆ ನೇರವಾಗಿ ಮಂಡಳಿಗೆ ಹೋಗುವಂತಿಲ್ಲ. ಅಲ್ಲಿ ತೃಪ್ತಿಯಾಗದಿದ್ದರೆ ಮಂಡಳಿಗೆ ದೂರು ಕೊಡಬೇಕು. ಬಂದ ಸೂಚನೆಯನ್ನೂ ಬಿಲ್ಲನ್ನೂ ಜೋಪಾನವಾಗಿಡಬೇಕು. “ನಿಮ್ಮ ಮಾಹಿತಿ ಸೋರಿದೆ” ಎಂದು ಹೇಳಿ ಗುಪ್ತಸಂಖ್ಯೆಯನ್ನೋ ಒ.ಟಿ.ಪಿ.ಯನ್ನೋ ಕೇಳುವ ಕರೆ ಬಂದರೆ ಅದು ಕಾನೂನಿನ ಸೂಚನೆಯಲ್ಲ, ಎರಡನೆಯ ಕಳ್ಳತನವೆಂದು ತಿಳಿಯಬೇಕು.

ವಿದ್ಯಾರ್ಥಿಗಳಿಗೆ ಕೊನೆಯ ಮಾತು. 18 ವರ್ಷ ತುಂಬದವರು ಈ ಕಾಯಿದೆಯ ದೃಷ್ಟಿಯಲ್ಲಿ ಮಕ್ಕಳೇ. ನಿಮ್ಮ ಸಮ್ಮತಿ ಸಾಲದು. ತಂದೆ ಅಥವಾ ತಾಯಿ ಒಪ್ಪಿದ್ದಾರೆಂಬುದನ್ನು ಕಂಪೆನಿಯು ಪರೀಕ್ಷಿಸಿ ಖಚಿತಪಡಿಸಿಕೊಳ್ಳಬೇಕು. ಆಟದ ಆ್ಯಪಿನಲ್ಲಿ ಹುಟ್ಟಿದ ವರ್ಷವನ್ನು ಸುಳ್ಳು ಬರೆದರೆ, ನಿಮಗಾಗಿಯೇ ಕಾನೂನು ಕಟ್ಟಿದ ಈ ಬೇಲಿಯನ್ನು ನೀವೇ ಕಿತ್ತಂತೆ.