ಬಸ್ಸು ತುಮಕೂರು ಮುಟ್ಟುವುದು ಎಷ್ಟು ಹೊತ್ತಿಗೆ?

ವೇಗ, ದೂರ, ಕಾಲದ ಲೆಕ್ಕಗಳಿರುವ ಪುಟದಲ್ಲಿ ನಿಧಾನವಾಗಿ ಕಲಿಯುವ ಮಗು ಮುಖ್ಯವಾಗಿ ಎರಡು ಕಡೆ ಎಡವುತ್ತದೆ. ಯಾವುದನ್ನು ಯಾವುದರಿಂದ ಭಾಗಿಸಬೇಕೆಂದು ತಿಳಿಯುವುದಿಲ್ಲ. ಗಂಟೆ ನಿಮಿಷಗಳು ಕಲಸಿಹೋಗುತ್ತವೆ. ಹಾಗಾಗಿ ಪುಟದಲ್ಲಿರುವ ಕ್ರಮದಲ್ಲೇ ಲೆಕ್ಕ ಬಿಡಿಸಬೇಡಿ. ದೂರ ಕೇಳುವ ಲೆಕ್ಕಗಳನ್ನು ಮೊದಲು, ಕಾಲ ಕೇಳುವುದನ್ನು ಆಮೇಲೆ, ವೇಗ ಕೇಳುವುದನ್ನು ಕೊನೆಗೆ ಬರೆದುಕೊಳ್ಳಿ. ಸೂತ್ರ ಆಮೇಲೆ ಬರಲಿ.

ಕಾಲ ಕೇಳುವ ಒಂದು ಲೆಕ್ಕ ನೋಡೋಣ. ಹೆಬ್ಬೂರಿನಿಂದ ತುಮಕೂರಿಗೆ 20 ಕಿ.ಮೀ. ಎಂದಿಟ್ಟುಕೊಳ್ಳಿ. ಬಸ್ಸು ಬೆಳಿಗ್ಗೆ 7:40ಕ್ಕೆ ಹೊರಟು, ಗಂಟೆಗೆ 30 ಕಿ.ಮೀ. ವೇಗದಲ್ಲಿ ಹೋಗುತ್ತದೆ. ತುಮಕೂರು ಮುಟ್ಟುವುದು ಎಷ್ಟು ಹೊತ್ತಿಗೆ?

ಹಂತ 1. ಗೊತ್ತಿರುವುದು: ದೂರ 20 ಕಿ.ಮೀ., ವೇಗ ಗಂಟೆಗೆ 30 ಕಿ.ಮೀ. ಗೊತ್ತಿಲ್ಲದ್ದು: ಕಾಲ.

ಹಂತ 2. ವೇಗವನ್ನು ವಾಕ್ಯವಾಗಿ ಬರೆಯಿರಿ: 30 ಕಿ.ಮೀ. ಹೋಗಲು 60 ನಿಮಿಷ ಬೇಕು.

ಹಂತ 3. ಹಾಗಾದರೆ 1 ಕಿ.ಮೀ.ಗೆ 60 ÷ 30 = 2 ನಿಮಿಷ.

ಹಂತ 4. 20 ಕಿ.ಮೀ.ಗೆ 20 × 2 = 40 ನಿಮಿಷ.

ಹಂತ 5. 7:40ರಿಂದ 8:00ಕ್ಕೆ 20 ನಿಮಿಷ ಆಯಿತು. ಉಳಿದ 20 ನಿಮಿಷ ಸೇರಿಸಿದರೆ 8:20.

ನೇರವಾಗಿ 20 ÷ 30 ಮಾಡಿದ ಮಗುವಿಗೆ 0.66 ಸಿಗುತ್ತದೆ, ಅದನ್ನು 66 ನಿಮಿಷ ಎಂದು ಬರೆದುಬಿಡುತ್ತದೆ. ಗಂಟೆಗೆ ನೂರಲ್ಲ, ಅರವತ್ತು ನಿಮಿಷ ಎಂಬುದು ಇಲ್ಲಿ ಕೈತಪ್ಪುತ್ತದೆ. ಹಂತ 2ರಲ್ಲೇ ಗಂಟೆಯನ್ನು ನಿಮಿಷ ಮಾಡಿಕೊಂಡರೆ ಈ ತಪ್ಪು ಬರುವುದಿಲ್ಲ. ಕೊನೆಗೆ 7:80 ಎಂದು ಬರೆಯುವ ಮಕ್ಕಳೂ ಇದ್ದಾರೆ. ಅದಕ್ಕೇ 8:00ರಲ್ಲಿ ಒಮ್ಮೆ ನಿಂತು ಮುಂದೆ ಹೋಗಬೇಕು. ಉತ್ತರ ಸರಿಯೇ ಎಂದು ನೋಡಲು ಒಂದೇ ಪ್ರಶ್ನೆ ಸಾಕು: 60 ನಿಮಿಷಕ್ಕೆ 30 ಕಿ.ಮೀ. ಆದರೆ, 20 ಕಿ.ಮೀ.ಗೆ ಅದಕ್ಕಿಂತ ಹೆಚ್ಚು ಬೇಕೋ, ಕಡಿಮೆಯೋ?

ಒಂದಕ್ಕೆ ಎಷ್ಟೆಂದು ತಿಳಿದು ಹಲವಕ್ಕೆ ಹೋಗುವ ಈ ದಾರಿ ತ್ರೈರಾಶಿಯದೇ ಸರಳ ರೂಪ. ನೃಪತುಂಗನ ಕಾಲದ ಮಹಾವೀರಾಚಾರ್ಯರ ‘ಗಣಿತಸಾರಸಂಗ್ರಹ’ದಲ್ಲೂ ತ್ರೈರಾಶಿಯ ಭಾಗದಲ್ಲಿ ಪ್ರಯಾಣದ ಲೆಕ್ಕಗಳು ಬರುತ್ತವೆ.

ಇನ್ನು ಪುಟದ ಉಳಿದ ಲೆಕ್ಕಗಳು. ಮೊದಲನೆಯದನ್ನು ಐದೂ ಹಂತ ಬರೆದು ಕೊಡಿ. ಎರಡನೆಯದರಲ್ಲಿ ಕೊನೆಯ ಹಂತ ಮಾತ್ರ ಖಾಲಿ ಇರಲಿ, ಮೂರನೆಯದರಲ್ಲಿ ಕೊನೆಯ ಎರಡು. ಹೀಗೆ ಹಿಂದಿನಿಂದ ಒಂದೊಂದೇ ಹಂತ ಬಿಡುತ್ತ ಹೋದರೆ, ಮಗು ಪ್ರತಿ ಸಲವೂ ಹೊಸದಾಗಿ ಒಂದೇ ಕೆಲಸ ಮಾಡುತ್ತದೆ. ಗಂಟೆಗೆ 35 ಕಿ.ಮೀ. ಎಂದಿದ್ದರೆ 60 ನಿಶ್ಶೇಷವಾಗಿ ಭಾಗವಾಗುವುದಿಲ್ಲ. ಅಂಥವನ್ನು ಮೊದಲು 30 ಎಂದು ಬದಲಿಸಿ ಮಾಡಿಸಿ, ಹಂತಗಳು ಕೈಹಿಡಿದ ಮೇಲೆ 35ಕ್ಕೆ ಬನ್ನಿ.

ಮಗು ಹಂತಗಳನ್ನು ಬರೀ ಬಾಯಿಪಾಠ ಮಾಡಿದೆಯೋ ಎಂದು ತಿಳಿಯಲು ಅದೇ ಬಸ್ಸಿನ ಪ್ರಶ್ನೆಯನ್ನು ತಿರುವಿ ಕೇಳಿ: 20 ಕಿ.ಮೀ.ಗೆ 40 ನಿಮಿಷ ಆದರೆ 60 ನಿಮಿಷಕ್ಕೆ ಎಷ್ಟು ದೂರ? 1 ಕಿ.ಮೀ.ಗೆ 2 ನಿಮಿಷ ಎಂಬಲ್ಲಿಗೆ ತಾನೇ ಬಂದು 30 ಎಂದರೆ, ಸೂತ್ರ ಕಲಿಸಲು ಅದು ಸರಿಯಾದ ಹೊತ್ತು.